ಹೊಸ ಹೊಟೇಲಿಗೆ 14 ವಿಡಿಯೋ ಸಾಕು: ಮೊದಲ ತಿಂಗಳ ಕ್ಯಾಲೆಂಡರ್ ಹೀಗಿರಲಿ

ಗಲ್ಫ್‌ನಿಂದ ಊರಿಗೆ ಮರಳಿದವರು ಮೊದಲು ಯೋಚಿಸುವ ಎರಡು ಮೂರು ಕೆಲಸಗಳಲ್ಲಿ ಹೊಟೇಲ್ ಇಡುವುದೂ ಒಂದು. ಹಿಂದೆ ಹೊಟೇಲ್ ತೆರೆಯುವಾಗ ಬ್ಯಾನರ್ ಕಟ್ಟಿ, ಪತ್ರಿಕೆಯೊಳಗೆ ಚೀಟಿ ಇಟ್ಟು ಹಂಚಿಸಿದರೆ ಪ್ರಚಾರದ ಕೆಲಸ ಮುಗಿಯುತ್ತಿತ್ತು. ಈಗ ಗೋಡೆಗೆ ಬಣ್ಣ ಬಳಿಯುವ ಮೊದಲೇ ವಿಡಿಯೋ ಮಾಡುವ ಹುಡುಗರು ಬಂದು ‘ದಿನಕ್ಕೊಂದು ರೀಲ್ಸ್, ತಿಂಗಳಿಗೆ 30, ಇಷ್ಟು ಪ್ಯಾಕೇಜ್’ ಅಂತ ಹೇಳಿ ಹೋಗುತ್ತಾರೆ. ಮಾಲಕನಿಗೆ ಅದು ಸರಿಯೋ ತಪ್ಪೋ ತಿಳಿಯುವುದಿಲ್ಲ. ಕೈಯಲ್ಲಿದ್ದ ದುಡ್ಡೆಲ್ಲ ಅಡ್ವಾನ್ಸ್, ಫರ್ನಿಚರ್, ಪಾತ್ರೆಗೆ ಹೋಗಿರುತ್ತದೆ. ಮನೆಯವರ ಚಿನ್ನ ಅಡವಿನಲ್ಲಿರುತ್ತದೆ. ಮೊದಲ ತಿಂಗಳು ಗಿರಾಕಿ ಬಾರದಿದ್ದರೆ ಎರಡನೇ ತಿಂಗಳ ಬಾಡಿಗೆಯೇ ಕಷ್ಟ.

ಇಂಥದ್ದೇ ಸ್ಥಿತಿಯಲ್ಲಿದ್ದ ಇಬ್ಬರು ಸಹೋದರರ ಜೊತೆ ಇತ್ತೀಚೆಗೆ ನಾವು ಮೂರು ರಾತ್ರಿ ಕೂತು ಅವರ ಹೊಟೇಲಿನ ಮೊದಲ ತಿಂಗಳ ವಿಡಿಯೋ ಕ್ಯಾಲೆಂಡರ್ ಹಾಕಿದೆವು. ಹೊಟೇಲ್ ದೇರಳಕಟ್ಟೆಯಲ್ಲಿ. 40 ಸೀಟು, ಒಂದು ಫ್ಯಾಮಿಲಿ ರೂಮ್, ಅಡುಗೆಗೆ ಮೂವರು. ಸುತ್ತ ಮೆಡಿಕಲ್ ಕಾಲೇಜುಗಳು, ಆಸ್ಪತ್ರೆಗಳು, ಹಾಸ್ಟೆಲ್‌ಗಳು. 30 ವಿಡಿಯೋದ ಪ್ಯಾಕೇಜ್ ಬೇಡ, 14 ಸಾಕು ಎಂಬಲ್ಲಿಗೆ ನಾವು ಬಂದೆವು. ಹಾಗೆ ಯಾಕೆ ಬಂದೆವು ಮತ್ತು ಆ 14ರಲ್ಲಿ ಏನಿತ್ತು ಅಂತ ಇಲ್ಲಿ ಬರೆಯುತ್ತಿದ್ದೇವೆ. ನಿಮ್ಮ ಮನೆಯಲ್ಲಿ ಯಾರಾದರೂ ಹೊಟೇಲ್, ಕ್ಯಾಂಟೀನ್, ಜ್ಯೂಸ್ ಅಂಗಡಿ ಇಡುವ ಯೋಚನೆಯಲ್ಲಿದ್ದರೆ ಉಪಯೋಗಕ್ಕೆ ಬರಬಹುದು.

ಮೊದಲು ಪಾತ್ರೆ ಲೆಕ್ಕ, ಆಮೇಲೆ ವಿಡಿಯೋ ಲೆಕ್ಕ

ಎಲ್ಲರೂ ಕ್ಯಾಲೆಂಡರನ್ನು ಫೋನಿನಿಂದ ಶುರು ಮಾಡುತ್ತಾರೆ. ಯಾವ ಹಾಡು ಓಡುತ್ತಿದೆ, ಯಾವ ಹೊಟೇಲಿನ ವಿಡಿಯೋಗೆ ಲಕ್ಷ ವ್ಯೂ ಬಂತು ಅಂತ ನೋಡುತ್ತಾರೆ. ನಾವು ಅಡುಗೆ ಮನೆಯಿಂದ ಶುರು ಮಾಡಿದೆವು. ಯಾಕಂದ್ರೆ ವಿಡಿಯೋದ ಕೆಲಸ ಜನರನ್ನು ಕರೆಯುವುದು. ಬಂದವರಿಗೆ ಬಡಿಸಲು ಆಗದಿದ್ದರೆ ಆ ವಿಡಿಯೋ ಹೊಟೇಲಿಗೇ ತಿರುಗಿ ಬೀಳುತ್ತದೆ.

ಲೆಕ್ಕ ಸುಲಭದ್ದು. ಮಧ್ಯಾಹ್ನದ ಊಟ 12.30ರಿಂದ 3 ಗಂಟೆಯವರೆಗೆ. ಒಬ್ಬರು ಬಂದು, ತಿಂದು, ಕೈ ತೊಳೆದು, ಬಿಲ್ ಕೊಟ್ಟು ಏಳಲು 35-40 ನಿಮಿಷ ಬೇಕು. ಹಾಗಾದರೆ ಒಂದು ಸೀಟಿನಲ್ಲಿ ಮೂರು ಸಲ ಜನ ಕೂರಬಹುದು. ಕಾಗದದಲ್ಲಿ 120 ಮಂದಿ. ಆದರೆ ನಾಲ್ಕು ಸೀಟಿನ ಟೇಬಲಿನಲ್ಲಿ ಇಬ್ಬರೇ ಕೂರುವುದುಂಟು. 12.30ಕ್ಕೆ ಎಲ್ಲರೂ ಒಟ್ಟಿಗೆ ಬರುವುದೂ ಇಲ್ಲ. ನಿಜದಲ್ಲಿ 80-90 ಮಂದಿ.

ಬಿರಿಯಾನಿಗೆ ಇನ್ನೂ ಗಟ್ಟಿ ಮಿತಿ ಇದೆ. 5 ಕಿಲೋ ಅಕ್ಕಿಯ ಒಂದು ಪಾತ್ರೆಯಲ್ಲಿ ಸುಮಾರು 40-45 ಪ್ಲೇಟ್ ಬರುತ್ತದೆ. ಅದು ಮುಗಿದರೆ ‘ಹತ್ತು ನಿಮಿಷ ಕೂತ್ಕೊಳ್ಳಿ’ ಅಂತ ಹೇಳುವ ಹಾಗಿಲ್ಲ. ಮಸಾಲೆ ಬೇಯಿಸಿ, ಅಕ್ಕಿ ಅರ್ಧ ಬೇಯಿಸಿ, ದಮ್ ಕಟ್ಟಿ ಇಳಿಸಲು ಗಂಟೆಗಳು ಬೇಕು. ಪರೋಟ, ಆಮ್ಲೆಟ್ ಆದರೆ ಗಿರಾಕಿ ಬಂದ ಮೇಲೂ ಮಾಡಬಹುದು. ಆದ್ದರಿಂದ ನಾವು ಹಾಕಿದ ಮೊದಲ ನಿಯಮ ಇದು: ದಿಢೀರ್ ಮಾಡಲಾಗದ ಅಡುಗೆಯ ವಿಡಿಯೋ, ಎರಡನೇ ಪಾತ್ರೆ ಇಡಲು ಅಡುಗೆಯವರು ತಯಾರಾಗುವವರೆಗೆ ಬೇಡ.

ಈ ನಿಯಮ ಮುರಿದ ಹೊಟೇಲುಗಳನ್ನು ನಾವೆಲ್ಲ ನೋಡಿದ್ದೇವೆ. ಉದ್ಘಾಟನೆಯ ದಿನ ಅರ್ಧ ಬೆಲೆಗೆ ಬಿರಿಯಾನಿ ಅಂತ ವಿಡಿಯೋ ಹಾಕುತ್ತಾರೆ. ರಸ್ತೆಯವರೆಗೆ ಸಾಲು ನಿಲ್ಲುತ್ತದೆ. ಒಂದು ಗಂಟೆಯೊಳಗೆ ಅನ್ನ ಮುಗಿಯುತ್ತದೆ. ದೂರದಿಂದ ಮಕ್ಕಳನ್ನು ಕರಕೊಂಡು ಬಂದವರು ಬರಿ ಕೈಯಲ್ಲಿ ಹೋಗಿ ಗೂಗಲ್‌ನಲ್ಲಿ ಒಂದು ಸ್ಟಾರ್ ಒತ್ತುತ್ತಾರೆ. ಅರ್ಧ ಬೆಲೆ ಒಂದೇ ದಿನದ್ದು, ಆ ಒಂದು ಸ್ಟಾರ್ ಮಾತ್ರ ವರ್ಷಗಟ್ಟಲೆ ಅಲ್ಲೇ ಇರುತ್ತದೆ. ಹಾಗಾಗಿ ಸಹೋದರರು ಆಫರ್ ಇಲ್ಲದೆ ಸೋಮವಾರ ಹೊಟೇಲ್ ತೆರೆದರು. ಸೋಮವಾರ ತೆರೆದರೆ ಶುಕ್ರವಾರದ ರಶ್ ಬರುವ ಮೊದಲು ಅಡುಗೆಯವರಿಗೂ ಸಪ್ಲೈಯರ್‌ಗಳಿಗೂ ಕೈ ಕೂರಲು ನಾಲ್ಕು ದಿನ ಸಿಗುತ್ತದೆ.

ಒಂದು ವಿಡಿಯೋ, ಒಂದು ಪ್ರಶ್ನೆ

ಹೊಸ ಹೊಟೇಲಿನ ಬಗ್ಗೆ ಜನರ ಮನಸ್ಸಿನಲ್ಲಿ ಪ್ರಶ್ನೆಗಳು ಒಂದರ ಹಿಂದೆ ಒಂದು ಬರುತ್ತವೆ. ಎಲ್ಲಿದೆ? ಏನಿದೆ, ಎಷ್ಟಾಗುತ್ತದೆ? ನಂಬಿ ತಿನ್ನಬಹುದಾ? ನನ್ನಂಥವರಿಗೆ ಅಲ್ಲಿ ಏನಿದೆ? ನಾವು ಒಂದೊಂದು ಪ್ರಶ್ನೆಗೆ ಒಂದೊಂದು ವಾರ ಕೊಟ್ಟೆವು. ವಾರಕ್ಕೆ ಮೂರು ವಿಡಿಯೋ, ತೆರೆಯುವ ಮುಂಚೆ ಎರಡು. ಗೋಡೆಯ ಕ್ಯಾಲೆಂಡರಿನ ಚೌಕಗಳಲ್ಲೇ ಪೆನ್ಸಿಲಿನಿಂದ ಬರೆದಿಟ್ಟೆವು.

ತೆರೆಯುವ ಮುಂಚಿನ ವಾರ – ಎಲ್ಲಿದೆ?
ಬುಧವಾರ: ಜಂಕ್ಷನ್‌ನಿಂದ ಹೊಟೇಲ್ ಬಾಗಿಲವರೆಗೆ ನಡೆದು ಬರುವ ದಾರಿ.
ಶನಿವಾರ: ಬೋರ್ಡ್, ತೆರೆಯುವ ದಿನ, ಸಮಯ.

ಮೊದಲ ವಾರ – ಏನಿದೆ, ಎಷ್ಟು?
ಮಂಗಳವಾರ ಬೆಳಗ್ಗೆ 11: ಕುಚ್ಚಲಕ್ಕಿ ಅನ್ನ, ಮೀನು ಸಾರಿನ ಊಟ.
ಗುರುವಾರ ಸಂಜೆ 5.30: ಪತ್ತಿರಿ, ಕೋಳಿ ಸಾರು.
ಶನಿವಾರ ಸಂಜೆ 5.30: ಪರೋಟ ಮತ್ತು ರಾತ್ರಿಯ ಮೆನು.

ಎರಡನೇ ವಾರ – ನಂಬಬಹುದಾ?
ಮಂಗಳವಾರ ಬೆಳಗ್ಗೆ 11: ಧಕ್ಕೆಯಿಂದ ಮೀನು ತಂದು ಶುಚಿ ಮಾಡುವುದು.
ಗುರುವಾರ ರಾತ್ರಿ 8: ಬಿರಿಯಾನಿಯ ದಮ್ ಬಿಚ್ಚುವುದು.
ಶನಿವಾರ ಸಂಜೆ 5.30: ಬಣ್ಣ ಹಾಕದ ಕಬಾಬ್.

ಮೂರನೇ ವಾರ – ನನಗೇನಿದೆ?
ಮಂಗಳವಾರ: ಆಸ್ಪತ್ರೆಯಲ್ಲಿ ರೋಗಿ ಜೊತೆ ಇರುವವರಿಗೆ ಗಂಜಿ ಪಾರ್ಸೆಲ್.
ಗುರುವಾರ: ಹಾಸ್ಟೆಲ್ ವಿದ್ಯಾರ್ಥಿಗಳಿಗೆ ರಾತ್ರಿ ಊಟ.
ಶನಿವಾರ: ಫ್ಯಾಮಿಲಿ ರೂಮ್.

ನಾಲ್ಕನೇ ವಾರ – ಮೂರು ಖಾಲಿ ಚೌಕ.

ಸಮಯ ಸುಮ್ಮನೆ ಹಾಕಿದ್ದಲ್ಲ. ಮಧ್ಯಾಹ್ನ ಎಲ್ಲಿ ತಿನ್ನುವುದು ಅಂತ ಜನ ಯೋಚಿಸುವುದು 11ರಿಂದ 12ರೊಳಗೆ. ರಾತ್ರಿಯ ಊಟದ ಮಾತು ಮನೆಯಲ್ಲಿ ಬರುವುದು ಸಂಜೆ. ಮಧ್ಯಾಹ್ನ ಊಟದ ವಿಡಿಯೋವನ್ನು ರಾತ್ರಿ 9ಕ್ಕೆ ಹಾಕಿದರೆ ನೋಡಿದವನಿಗೆ ಹಸಿವಾಗಬಹುದು, ಆದರೆ ಬೆಳಗಾಗುವಾಗ ಮರೆತಿರುತ್ತಾನೆ. ಬಿರಿಯಾನಿಯದ್ದು ಮಾತ್ರ ಗುರುವಾರ ರಾತ್ರಿ. ಶುಕ್ರವಾರ ಜುಮಾ ಮುಗಿಸಿ ಎಲ್ಲಿಗೆ ಹೋಗುವುದು ಅಂತ ಗೆಳೆಯರೊಳಗೆ ತೀರ್ಮಾನ ಆಗುವುದು ಹಿಂದಿನ ರಾತ್ರಿಯೇ. ಶುಕ್ರವಾರ ಮಧ್ಯಾಹ್ನ ಹಾಕಿದರೆ ಫೋನ್ ಎಲ್ಲರ ಕಿಸೆಯಲ್ಲಿರುತ್ತದೆ. ವೃತ್ತಿ ಖಾತೆಯಾಗಿದ್ದರೆ ಇನ್‌ಸ್ಟಾಗ್ರಾಂನಲ್ಲೇ ದಿನ, ಗಂಟೆ ಹಾಕಿ ಮುಂಚಿತವಾಗಿ ಇಟ್ಟುಬಿಡಬಹುದು. ಊಟದ ರಶ್‌ನಲ್ಲಿ ಯಾರೂ ಫೋನ್ ಹಿಡಿದು ಕೂರಬೇಕಿಲ್ಲ.

ಮೊದಲ ಶುಕ್ರವಾರ ಬಿರಿಯಾನಿ ಇತ್ತು, ವಿಡಿಯೋ ಇರಲಿಲ್ಲ. ಅದು ಬೇಕಂತಲೇ ಬಿಟ್ಟದ್ದು. ಬೋರ್ಡ್ ನೋಡಿ ಬರುವವರಿಗೇ ಎಷ್ಟು ಹೋಗುತ್ತದೆ ಅಂತ ತಿಳಿಯಬೇಕಿತ್ತು. ಒಂದು ಪಾತ್ರೆ 2 ಗಂಟೆಗೆ ಮೊದಲೇ ಮುಗಿಯಿತು. ಎರಡನೇ ಶುಕ್ರವಾರ ಎರಡು ಪಾತ್ರೆ ಇಟ್ಟು, ಹಿಂದಿನ ರಾತ್ರಿ ವಿಡಿಯೋ ಹಾಕಲಾಯಿತು. ಎರಡನೇ ಪಾತ್ರೆ ಅಡಿ ಕಾಣುವಾಗ 3 ಗಂಟೆ ಹತ್ತಿರ. ಯಾರೂ ಬರಿ ಹೊಟ್ಟೆಯಲ್ಲಿ ವಾಪಸು ಹೋಗಲಿಲ್ಲ, ಉಳಿದು ಹಾಳಾದದ್ದೂ ಇಲ್ಲ. ಮೊದಲ ವಾರದಲ್ಲೇ ಆ ವಿಡಿಯೋ ಹಾಕಿದ್ದರೆ ಒಂದು ಪಾತ್ರೆಗೆ ಎರಡು ಪಾತ್ರೆಯ ಜನ ಬರುತ್ತಿದ್ದರು.

ಎರಡು ಬೆಳಗ್ಗೆ ಚಿತ್ರೀಕರಣ

14 ವಿಡಿಯೋಗೆ 14 ದಿನ ಕ್ಯಾಮೆರಾ ತರಬೇಕಾಗಿಲ್ಲ. ತೆರೆಯುವ ಮುಂಚಿನ ಶುಕ್ರವಾರ, ಶನಿವಾರ ಹೇಗೂ ಟ್ರಯಲ್ ಅಡುಗೆ ಇರುತ್ತದೆ. ಆ ಅಡುಗೆಯಲ್ಲೇ ಮೊದಲ ವಾರದ ಮೂರನ್ನೂ, ಕಬಾಬ್ ಮತ್ತು ಬಿರಿಯಾನಿಯದ್ದನ್ನೂ ತೆಗೆದುಕೊಂಡರು. ಎರಡನೇ ಸಲ ತೆರೆದ ಹತ್ತನೇ ದಿನ, ಬೆಳಗ್ಗೆ. ಆಗ ಮೂರನೇ ವಾರದ್ದು. ಮೀನಿನದ್ದು ಮಾತ್ರ ಧಕ್ಕೆಗೆ ಹೋಗುವ ದಿನವೇ ಆಯಿತು. ದುಡ್ಡೂ ಉಳಿಯಿತು, ಅಡುಗೆಯವರ ಕಾಲಿಗೆ ಕ್ಯಾಮೆರಾ ಸ್ಟ್ಯಾಂಡ್ ದಿನಾ ಸಿಕ್ಕಿಹಾಕಿಕೊಳ್ಳುವುದೂ ತಪ್ಪಿತು.

ಬಿರಿಯಾನಿಯ ವಿಡಿಯೋ ಹೇಗಿತ್ತು ಅಂತ ಬಿಡಿಸಿ ಹೇಳಿದರೆ ಉಳಿದದ್ದು ನಿಮಗೇ ಅಂದಾಜಾಗುತ್ತದೆ. ಒಟ್ಟು 20 ಸೆಕೆಂಡು. ಫೋನ್ ನೆಟ್ಟಗೆ ಹಿಡಿದು ತೆಗೆದದ್ದು, ಅಡ್ಡಕ್ಕಲ್ಲ. ಮೊದಲ ಮೂರು ಸೆಕೆಂಡು ಮುಚ್ಚಳ ಎತ್ತುವುದು, ಹಬೆ ಏಳುವುದು. ಹೊಟೇಲಿನ ಹೆಸರು, ಲೋಗೋ, ಸ್ವಾಗತ ಯಾವುದೂ ಅಲ್ಲಿಲ್ಲ. ಯಾಕಂದ್ರೆ ಬೆರಳು ಮೇಲೆ ಸರಿಸುವವನು ನಿಲ್ಲುವುದೋ ಹೋಗುವುದೋ ತೀರ್ಮಾನಿಸುವುದು ಆ ಮೂರು ಸೆಕೆಂಡಿನಲ್ಲೇ. ನಂತರ ತಟ್ಟೆಯಂಥ ಚಪ್ಪಟೆ ಸೌಟನ್ನು ಪಾತ್ರೆಯ ಅಂಚಿನಿಂದ ಅಡಿಯವರೆಗೆ ಇಳಿಸಿ ಅನ್ನ, ಮಸಾಲೆ, ಕೋಳಿ ಒಟ್ಟಿಗೆ ಎತ್ತುವುದು, ಏಳು ಸೆಕೆಂಡು. ಪ್ಲೇಟಿಗೆ ಹಾಕಿ ಟೇಬಲಿಗೆ ಇಡುವುದು, ಐದು ಸೆಕೆಂಡು. ಕೊನೆಯ ಐದು ಸೆಕೆಂಡು ಹೊರಗಿನ ಬೋರ್ಡ್, ಎದುರಿನ ರಸ್ತೆ, ‘ಶುಕ್ರವಾರ 12.30ರಿಂದ’ ಎಂಬ ಅಕ್ಷರ.

ಹಬೆ ವಿಡಿಯೋದಲ್ಲಿ ಕಾಣುವುದಿಲ್ಲ ಅಂತ ಹಲವರ ದೂರು. ಕಿಟಕಿಯ ಬೆಳಕು ಪಾತ್ರೆಯ ಹಿಂದಿನಿಂದ ಬರಬೇಕು, ಹಿನ್ನೆಲೆ ಸ್ವಲ್ಪ ಕಪ್ಪಾಗಿರಬೇಕು. ಫೋನಿನ ಫ್ಲಾಶ್ ಹಾಕಿದರೆ ಹಬೆ ಮಾಯ. ಇನ್ನೊಂದು, ಅಡುಗೆ ಮನೆಯಲ್ಲಿ ಹತ್ತು ನಿಮಿಷ ನಿಂತರೆ ಫೋನಿನ ಲೆನ್ಸಿಗೆ ಎಣ್ಣೆಯ ಪಸೆ ಹಿಡಿಯುತ್ತದೆ. ಲೈಟುಗಳ ಸುತ್ತ ಮಂಜು ಕಂಡರೆ ಅದೇ ಕಾರಣ. ಪ್ರತಿ ಶಾಟ್‌ಗೂ ಮೊದಲು ಮೆತ್ತನೆಯ ಬಟ್ಟೆಯಲ್ಲಿ ಒರೆಸಬೇಕು.

ಅಕ್ಷರ ಎಲ್ಲಿ ಹಾಕುವುದು ಎಂಬುದೂ ಮುಖ್ಯ. ಇನ್‌ಸ್ಟಾಗ್ರಾಂನಲ್ಲಿ ಪರದೆಯ ಕೆಳಭಾಗವನ್ನು ಖಾತೆಯ ಹೆಸರು ಮತ್ತು ಬರಹ ಮುಚ್ಚುತ್ತದೆ, ಬಲಬದಿಯನ್ನು ಲೈಕ್, ಶೇರ್ ಗುರುತುಗಳು ಮುಚ್ಚುತ್ತವೆ. ಬೆಲೆಯನ್ನು ಕೆಳಗೆ ಬರೆದರೆ ಯಾರಿಗೂ ಕಾಣದು. ನಡುವೆ, ದೊಡ್ಡ ಕನ್ನಡ ಅಕ್ಷರದಲ್ಲಿ ಹಾಕಿಸಿದೆವು. ಸೌಂಡ್ ಇಲ್ಲದೆ ನೋಡುವವರೂ ಇರುತ್ತಾರೆ, ಆದ್ದರಿಂದ ಮಾತಿನಲ್ಲಿ ಹೇಳಿದ್ದೆಲ್ಲ ಅಕ್ಷರದಲ್ಲೂ ಇರಬೇಕು.

ಸಿನಿಮಾ ಹಾಡು ಹಾಕುವ ಬಗ್ಗೆ ತಮ್ಮ ಬಹಳ ಒತ್ತಾಯ ಮಾಡಿದ. “ಕಾಕ, ಹಾಡಿಲ್ಲದೆ ಯಾರು ನೋಡ್ತಾರೆ?” ಅಂತ ಅಣ್ಣನಲ್ಲಿ ಕೇಳಿದ. ವಿಷಯ ಇಷ್ಟೇ: ವ್ಯಾಪಾರದ ಖಾತೆಗೆ ಸಿನಿಮಾ ಹಾಡುಗಳ ಪೂರ್ತಿ ಸಂಗ್ರಹ ಸಿಗುವುದಿಲ್ಲ. ಹಾಡಿನ ಹಕ್ಕು ಇನ್ನೊಬ್ಬರದ್ದು, ಅದನ್ನು ಜಾಹೀರಾತಿಗೆ ಬಳಸಲು ಅನುಮತಿ ಬೇಕು. ಬೇರೆ ದಾರಿಯಿಂದ ಸೇರಿಸಿದರೆ ವಿಡಿಯೋದ ಸೌಂಡ್ ಬಂದ್ ಆಗಬಹುದು, ಇಲ್ಲಾಂದ್ರೆ ವಿಡಿಯೋವೇ ತೆಗೆದು ಹಾಕಲ್ಪಡಬಹುದು. ಪರೋಟ ಕೈಯಲ್ಲಿ ಬಡಿಯುವ ಸದ್ದು, ತವಾದಲ್ಲಿ ಬಂಗುಡೆ ಚುಂಯ್ ಅನ್ನುವ ಸದ್ದು ಹಾಗೆಯೇ ಇರಲಿ ಅಂತ ತೀರ್ಮಾನವಾಯಿತು. ಹಸಿದವನಿಗೆ ಅದಕ್ಕಿಂತ ಬೇರೆ ಹಾಡು ಬೇಡ.

ಹಿನ್ನೆಲೆಯಲ್ಲಿ ಏನಿದೆ ನೋಡಿ

ಅಡುಗೆ ಮನೆಯ ವಿಡಿಯೋ ನಂಬಿಕೆ ಹುಟ್ಟಿಸಬೇಕು. ಆದರೆ ಜನ ಮುಂದಿನ ಪಾತ್ರೆಯನ್ನು ಮಾತ್ರ ನೋಡುವುದಿಲ್ಲ, ಹಿಂದಿನದ್ದನ್ನೂ ನೋಡುತ್ತಾರೆ. ಟ್ರಯಲ್ ದಿನದ ವಿಡಿಯೋವನ್ನು ನಾವು ಸೌಂಡ್ ಬಂದ್ ಮಾಡಿ, ಹಿನ್ನೆಲೆಯನ್ನು ಮಾತ್ರ ನೋಡುತ್ತಾ ಒಮ್ಮೆ ಓಡಿಸಿದೆವು. ಒಂದರಲ್ಲಿ ತಲೆಗೆ ಟೊಪ್ಪಿ ಇಲ್ಲದ ಕೆಲಸದವನು. ಇನ್ನೊಂದರಲ್ಲಿ ಕರಿದ ಪೋಡಿಯ ಎಣ್ಣೆ ಹೀರಲು ಇಟ್ಟ ಪತ್ರಿಕೆಯ ಹಾಳೆ. ಅಚ್ಚಿನ ಶಾಯಿ ಆಹಾರಕ್ಕೆ ಸೇರುತ್ತದೆ ಅಂತ ಅದನ್ನು ಬಳಸಬಾರದೆಂದು ಆಹಾರ ಸುರಕ್ಷಾ ಪ್ರಾಧಿಕಾರವೇ ಹೇಳಿದೆ. ಎರಡೂ ಶಾಟ್ ಬಿಟ್ಟು, ಸರಿಮಾಡಿ ಮತ್ತೆ ತೆಗೆದರು. ಹಲವು ಹೊಟೇಲುಗಳ ರೀಲ್ಸ್‌ನಲ್ಲಿ ಮೂಲೆಯಲ್ಲಿ ಮನೆ ಬಳಕೆಯ ಕೆಂಪು ಗ್ಯಾಸ್ ಸಿಲಿಂಡರ್ ನಿಂತಿರುತ್ತದೆ. ಹೊಟೇಲಿಗೆ ವಾಣಿಜ್ಯ ಸಿಲಿಂಡರೇ ಆಗಬೇಕು. ತಪ್ಪನ್ನು ತಾವೇ ಚಿತ್ರ ತೆಗೆದು ಊರಿಗೆ ಹಂಚಿದ ಹಾಗೆ. ಇದನ್ನು ವಿಡಿಯೋದಿಂದ ಮರೆಮಾಡಿದರೆ ಸಾಲದು, ಅಡುಗೆ ಮನೆಯಿಂದಲೇ ತೆಗೆಯಬೇಕು.

ಕಬಾಬ್ ವಿಷಯ ಬೇರೆಯೇ ಹೇಳಬೇಕು. ವಿಡಿಯೋದಲ್ಲಿ ಕಡುಕೆಂಪು ಕಬಾಬ್ ಚೆನ್ನಾಗಿ ಕಾಣುತ್ತದೆ ಅಂತ ವಿಡಿಯೋದವರು ‘ಸ್ವಲ್ಪ ಕಲರ್ ಇರಲಿ’ ಅನ್ನುತ್ತಾರೆ. ಕರ್ನಾಟಕ ಸರಕಾರ 2024ರ ಜೂನ್‌ನಲ್ಲಿ ಕಬಾಬ್‌ಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿದೆ. ಆದ್ದರಿಂದ ಇವರು ಅದನ್ನೇ ವಿಡಿಯೋದ ವಿಷಯ ಮಾಡಿಕೊಂಡರು. ಬ್ಯಾಡಗಿ ಮೆಣಸು ನೆನೆಸಿ ಅರೆಯುವುದು, ಕೋಳಿಗೆ ಹಚ್ಚುವುದು, ಎಣ್ಣೆಗೆ ಬಿಡುವುದು, ಹೊರಬಂದಾಗ ಇರುವ ಕಂದುಗೆಂಪು. ಅಕ್ಷರ ಒಂದೇ ಸಾಲು: ‘ಬಣ್ಣ ಹಾಕಿಲ್ಲ, ಮೆಣಸಿನ ಬಣ್ಣ ಇಷ್ಟೇ.’ ಮಕ್ಕಳಿಗೆ ಕಬಾಬ್ ತೆಗೆದುಕೊಡಲು ಅನುಮಾನ ಪಡುವ ತಾಯಂದಿರು ನಮ್ಮ ಮನೆಗಳಲ್ಲಿ ಎಷ್ಟು ಮಂದಿ ಇದ್ದಾರೆ ಅಂತ ಆ ವಿಡಿಯೋದ ಕೆಳಗಿನ ಪ್ರಶ್ನೆಗಳಿಂದಲೇ ತಿಳಿಯಿತು.

ಜನರ ಮುಖ ತೆಗೆಯುವ ವಿಷಯದಲ್ಲೂ ಒಂದು ಮಾತು. ಫ್ಯಾಮಿಲಿ ರೂಮ್ ತೋರಿಸುವ ವಿಡಿಯೋವನ್ನು ಬೆಳಗ್ಗೆ ಖಾಲಿ ಇರುವಾಗ ತೆಗೆದರು. ಬಾಗಿಲು, ಪರದೆ, ಕೈ ತೊಳೆಯುವ ಜಾಗ, ಮಗುವಿನ ಕುರ್ಚಿ, ಅಷ್ಟೇ. ಕೂತು ತಿನ್ನುವ ಮನೆಯವರ ಚಿತ್ರ ಹೇಳದೆ ಕೇಳದೆ ತೆಗೆದರೆ ಆ ಮನೆ ಮತ್ತೆ ಆ ಬಾಗಿಲು ಹತ್ತುವುದಿಲ್ಲ.

ಉಳಿಯುವ ವಿಡಿಯೋ, ಅಳಿಯುವ ವಿಡಿಯೋ

ಕ್ಯಾಲೆಂಡರಿನಲ್ಲಿ ನಾವು ಹೆಚ್ಚು ಹೊತ್ತು ಚರ್ಚೆ ಮಾಡಿದ್ದು ಯಾವುದನ್ನು ಎಲ್ಲಿ ಹಾಕುವುದು ಅಂತ. ರೀಲ್ಸ್ ಹಾಕಿದ ದಿನ ಮಾತ್ರ ಓಡುವುದಿಲ್ಲ. ಮೂರು ವಾರ ಕಳೆದು ಯಾರದೋ ಫೋನಿನಲ್ಲಿ ಎದ್ದು ಬರುತ್ತದೆ. ‘ಇವತ್ತು ಮಾತ್ರ ಅಂಜಲ್ ಫ್ರೈ 20 ಪರ್ಸೆಂಟ್ ಕಡಿಮೆ’ ಅಂತ ರೀಲ್ಸ್ ಹಾಕಿದರೆ, ಮುಂದಿನ ತಿಂಗಳು ಒಬ್ಬ ಫೋನ್ ತೋರಿಸಿ ಕ್ಯಾಶ್ ಕೌಂಟರಿನಲ್ಲಿ ಜಗಳಕ್ಕೆ ನಿಲ್ಲುತ್ತಾನೆ. ಹಾಕಿದ ಮೇಲೆ ಕೆಳಗಿನ ಬರಹ ತಿದ್ದಬಹುದು, ವಿಡಿಯೋದೊಳಗಿನ ಅಕ್ಷರ ತಿದ್ದಲು ಆಗುವುದಿಲ್ಲ.

ಹಾಗಾಗಿ ಹೀಗೆ ವಿಂಗಡಿಸಿದೆವು. ಆ ದಿನಕ್ಕೆ ಮಾತ್ರ ಸಲ್ಲುವ ವಿಷಯ, ಅಂದರೆ ಇವತ್ತಿನ ಮೀನು ಯಾವುದು, ಬಿರಿಯಾನಿ ಎಷ್ಟು ಉಳಿದಿದೆ, ಇದೆಲ್ಲ ವಾಟ್ಸಾಪ್ ಸ್ಟೇಟಸ್‌ಗೆ. ಅದು 24 ಗಂಟೆಯಲ್ಲಿ ತಾನೇ ಅಳಿದು ಹೋಗುತ್ತದೆ. ಅದಕ್ಕೆ ಕ್ಯಾಲೆಂಡರ್ ಬೇಡ, ಎಡಿಟಿಂಗ್ ಬೇಡ, ಗಲ್ಲಾದಲ್ಲಿ ಕೂತವರೇ ಬೆಳಗ್ಗೆ ಒಂದು ತೆಗೆದು ಹಾಕಿದರೆ ಆಯಿತು. ತಿಂಗಳುಗಟ್ಟಲೆ ನಿಜವಾಗಿರುವ ವಿಷಯ ರೀಲ್ಸ್‌ಗೆ. ದಾರಿಯ ವಿಡಿಯೋ, ಫ್ಯಾಮಿಲಿ ರೂಮಿನ ವಿಡಿಯೋ ಗೂಗಲ್ ಮ್ಯಾಪ್‌ನ ಹೊಟೇಲ್ ಪುಟಕ್ಕೂ. ಅಲ್ಲಿ 30 ಸೆಕೆಂಡಿನವರೆಗೆ ಮಾತ್ರ ಹಿಡಿಯುತ್ತದೆ. ಆ ಪುಟವನ್ನು ತೆರೆಯುವ ದಿನ ಮಾಡಲು ಹೊರಟರೆ ತಡವಾಗುತ್ತದೆ. ಗೂಗಲ್‌ನವರು ಅಂಗಡಿ ನಿಜವಾಗಿಯೂ ಇದೆಯಾ ಅಂತ ಪರಿಶೀಲಿಸಲು ಕೆಲವು ದಿನ ಹಿಡಿಯುತ್ತದೆ. ಬೋರ್ಡ್ ಏರಿಸಿದ ಕೂಡಲೇ ಅರ್ಜಿ ಹಾಕಬೇಕು.

ಫುಡ್ ವ್ಲಾಗರ್‌ಗಳನ್ನು ಕರೆಯುವ ಆಸೆ ಅಣ್ಣನಿಗಿತ್ತು. ಕರೆಯಬೇಡಿ ಅಂತ ನಾವು ಹೇಳಲಿಲ್ಲ, ಮೂರನೇ ವಾರದ ಮೊದಲು ಬೇಡ ಅಂದೆವು. ಅವರ ಒಂದು ವಿಡಿಯೋ ಒಂದೇ ಸಂಜೆಯಲ್ಲಿ ಜನ ತರಬಹುದು. ಅಷ್ಟು ಹೊತ್ತಿಗೆ ಅಡುಗೆಯ ರುಚಿ ದಿನಾ ಒಂದೇ ತರ ಬರುವಂತಾಗಿರಬೇಕು. ದುಡ್ಡು ಕೊಟ್ಟರೂ, ಊಟ ಪುಕ್ಕಟೆ ಕೊಟ್ಟರೂ ಅದು ಜಾಹೀರಾತು ಅಂತ ವಿಡಿಯೋದಲ್ಲೇ ಕಾಣುವಂತೆ ಹಾಕಬೇಕೆಂದು ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಜನವರಿಯಲ್ಲಿ ಹೇಳಿದೆ. ‘ನಾವೇ ಹುಡುಕಿ ಬಂದೆವು’ ಅಂತ ನಟಿಸುವ ವ್ಲಾಗರ್‌ಗೆ ದುಡ್ಡು ಕೊಡುವುದು ಮಾಲಕನ ಹೆಸರಿಗೂ ಒಳ್ಳೆಯದಲ್ಲ.

ವ್ಯೂ ಎಣಿಸಬೇಡಿ, ಪ್ಲೇಟ್ ಎಣಿಸಿ

ಎರಡನೇ ವಾರದ ಕೊನೆಗೆ ಪತ್ತಿರಿಯ ವಿಡಿಯೋ ಎಲ್ಲಕ್ಕಿಂತ ಜಾಸ್ತಿ ಓಡಿತ್ತು. ತಮ್ಮನಿಗೆ ಖುಷಿ. ಆದರೆ ಗುರುವಾರ ರಾತ್ರಿ ಪತ್ತಿರಿ ಹೋದದ್ದು ಎಂದಿನಷ್ಟೇ. ಖಾತೆಯ ಅಂಕಿಅಂಶದಲ್ಲಿ ನೋಡುವವರ ಊರು ಕಾಣುತ್ತದೆ. ತೆರೆದು ನೋಡಿದರೆ ದುಬೈ, ಜುಬೈಲ್, ದೋಹಾ! ಊರಿನ ಪತ್ತಿರಿ ನೋಡಿ ಗಲ್ಫ್‌ನಲ್ಲಿರುವ ನಮ್ಮವರು ಪರಸ್ಪರ ಕಳಿಸಿದ್ದರು. ಅವರು ಊರಿಗೆ ಫೋನ್ ಮಾಡಿ ಮನೆಯವರಿಗೆ ಹೇಳುವುದುಂಟು, ರಜೆಗೆ ಬಂದಾಗ ಹುಡುಕಿ ಬರುವುದೂ ಉಂಟು. ಆದರೆ ಈ ತಿಂಗಳ ಬಾಡಿಗೆ ಅದರಿಂದ ಹುಟ್ಟುವುದಿಲ್ಲ. ಗಂಜಿ ಪಾರ್ಸೆಲಿನ ವಿಡಿಯೋ ನೋಡಿದವರು ಅದರ ಕಾಲು ಭಾಗವೂ ಇರಲಿಲ್ಲ. ಆದರೆ ಮರುದಿನದಿಂದ ಬೆಳಗ್ಗೆ, ರಾತ್ರಿ ಆಸ್ಪತ್ರೆ ವಾರ್ಡುಗಳಿಂದ ಫೋನ್ ಬರಲು ಶುರುವಾಯಿತು. ಒಬ್ಬ ರೋಗಿ ಒಂದು ವಾರ ಇದ್ದರೆ ಜೊತೆಯಲ್ಲಿರುವವರೂ ಒಂದು ವಾರದ ಗಿರಾಕಿ.

ಹಾಗಾಗಿ ಗಲ್ಲಾದ ಪಕ್ಕ ಒಂದು 100 ಪುಟದ ನೋಟ್‌ಬುಕ್ ಇಡಿಸಿದೆವು. ಬಿಲ್ ಕೊಡುವಾಗ ಒಂದೇ ಪ್ರಶ್ನೆ: “ಹೇಗೆ ಗೊತ್ತಾಯ್ತು?” ಉತ್ತರಕ್ಕೆ ತಕ್ಕ ಹಾಗೆ ನಾಲ್ಕು ಸಾಲಿನಲ್ಲಿ ಒಂದು ಗೆರೆ: ಬೋರ್ಡ್ ನೋಡಿ, ವಿಡಿಯೋ ನೋಡಿ, ಯಾರೋ ಹೇಳಿ, ಮೊದಲೇ ಬಂದವರು. ಕೊನೆಯ ಸಾಲಿನ ಗೆರೆಗಳು ಮೂರನೇ ವಾರಕ್ಕೂ ಹೆಚ್ಚದಿದ್ದರೆ ತೊಂದರೆ ವಿಡಿಯೋದ್ದಲ್ಲ, ಅಡುಗೆಯದ್ದು ಅಥವಾ ಸಪ್ಲೈಯದ್ದು. ಹೊಸ ವಿಡಿಯೋ ಹಾಕಿ ಅದನ್ನು ಸರಿಮಾಡಲು ಸಾಧ್ಯವಿಲ್ಲ. ಪ್ಲೇಟ್ ಲೆಕ್ಕ ಹೋಲಿಸುವಾಗಲೂ ಈ ಮಂಗಳವಾರವನ್ನು ಹೋದ ಮಂಗಳವಾರದ ಜೊತೆ ಹೋಲಿಸಬೇಕು. ಸೋಮವಾರದ ಜೊತೆ ಶುಕ್ರವಾರವನ್ನು ಹೋಲಿಸಿದರೆ ಏನೂ ತಿಳಿಯದು.

ಅದೇ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಜನ ಕೇಳುವ ಪ್ರಶ್ನೆಗಳನ್ನು ಬರೆಯಲು ಹೇಳಿದ್ದೆವು, ಫೋನಿನಲ್ಲಿ ಕೇಳಿದ್ದು, ವಿಡಿಯೋದ ಕೆಳಗೆ ಕೇಳಿದ್ದು ಎಲ್ಲ. ಮೂರು ಪ್ರಶ್ನೆ ಮತ್ತೆ ಮತ್ತೆ ಬಂದಿತ್ತು. ಕಾರ್ ನಿಲ್ಲಿಸಲು ಜಾಗ ಉಂಟಾ? ರಾತ್ರಿ ಎಷ್ಟು ಗಂಟೆಯವರೆಗೆ? ಹತ್ತಿಪ್ಪತ್ತು ಮಂದಿಯ ಊಟಕ್ಕೆ ಎಷ್ಟು ದಿನ ಮುಂಚೆ ಹೇಳಬೇಕು? ನಾಲ್ಕನೇ ವಾರದ ಮೂರು ಖಾಲಿ ಚೌಕ ಅಲ್ಲಿಗೆ ತುಂಬಿತು. 30 ವಿಡಿಯೋದ ಪ್ಯಾಕೇಜ್ ಒಪ್ಪಿದ್ದರೆ ಎಲ್ಲ ಚೌಕವೂ ಮೊದಲೇ ತುಂಬಿರುತ್ತಿತ್ತು. ಹೊಟೇಲ್ ತೆರೆಯುವ ಮುಂಚೆ ಗಿರಾಕಿ ಏನು ಕೇಳುತ್ತಾನೆ ಅಂತ ಪ್ಯಾಕೇಜ್ ಮಾಡಿದವನಿಗೂ ಗೊತ್ತಿಲ್ಲ, ಮಾಲಕನಿಗೂ ಗೊತ್ತಿಲ್ಲ.

ಕಾಲವನ್ನೂ ನೋಡಿಕೊಳ್ಳಬೇಕು. ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕರಾವಳಿಯಲ್ಲಿ ಯಾಂತ್ರೀಕೃತ ಬೋಟುಗಳ ಮೀನುಗಾರಿಕೆಗೆ ನಿಷೇಧ. ಆಗ ಮೀನು ಕಡಿಮೆ, ರೇಟು ಜಾಸ್ತಿ. ಆ ಸಮಯದಲ್ಲಿ ತೆರೆಯುವವರು ಮೀನಿನ ವಿಡಿಯೋ ಹಾಕಿ ಬೆಲೆ ಬರೆದರೆ ಕೈ ಸುಟ್ಟುಕೊಳ್ಳುತ್ತಾರೆ. ಕೋಳಿ, ಮೊಟ್ಟೆ, ಗಂಜಿ ಚಟ್ನಿಯನ್ನು ಮುಂದೆ ತರಬೇಕು. ರಂಝಾನ್ ತಿಂಗಳಲ್ಲಿ ಬೆಳಗ್ಗೆ 11ರ ಚೌಕಕ್ಕೆ ಕೆಲಸವೇ ಇಲ್ಲ, ಎಲ್ಲವೂ ಅಸರ್ ಹೊತ್ತಿಗೆ ಸರಿಯುತ್ತದೆ.

ಎರಡನೇ ತಿಂಗಳಿಗೆ ಸಹೋದರರು ವಾರಕ್ಕೆ ಎರಡೇ ವಿಡಿಯೋ ಸಾಕು ಅಂತ ಮಾಡಿಕೊಂಡಿದ್ದಾರೆ. ಒಂದು ಗಂಜಿ ಪಾರ್ಸೆಲ್ ತರಹದ್ದು, ಯಾರಿಗೆ ಏನು ಸಿಗುತ್ತದೆ ಅಂತ ಹೇಳುವಂಥದ್ದು. ಇನ್ನೊಂದು ನೋಟ್‌ಬುಕ್ಕಿನ ಹಿಂದಿನ ಪುಟದಿಂದ. ಉಳಿಸಿದ ದುಡ್ಡಿನಲ್ಲಿ 5 ಕಿಲೋದ ಮೂರನೇ ಬಿರಿಯಾನಿ ಪಾತ್ರೆ ಬಂದಿದೆ. ಅದರ ವಿಡಿಯೋ, ಅಡುಗೆಯವರು ಸರಿ ಅಂದ ಮೇಲೆ.